ಹಳೆಯ ವಾಡೆಯ ಅಳತೆ: ಟೇಪು ಎಲ್ಲಿ ತಪ್ಪುತ್ತದೆ, ಕ್ಯಾಮೆರಾ ಎಲ್ಲಿ ತಪ್ಪುತ್ತದೆ

ಹಳೆಯ ಮನೆಗಳನ್ನು ಅಳೆದು, ನಕ್ಷೆ ಮಾಡಿಕೊಂಡು ನನಗೆ ತೋರಿಸಲು ತರುವವರಲ್ಲಿ ಹೆಚ್ಚಿನವರು ಎರಡೇ ಕಡೆ ಎಡವುತ್ತಾರೆ. ಟೇಪು ಹಿಡಿದವರ ನಕ್ಷೆ ಕೂಡಿಬರುವುದಿಲ್ಲ. ನಾಲ್ಕನೆಯ ಗೋಡೆ ಬರೆಯುವ ಹೊತ್ತಿಗೆ ಒಂದು ಗೇಣು ಜಾಗ ಉಳಿದಿರುತ್ತದೆ, ಇಲ್ಲವೇ ಸಾಲದೆ ಹೋಗಿರುತ್ತದೆ. ಆಗ ಮೂಲೆಯನ್ನು ಮೆಲ್ಲಗೆ ಎಳೆದು ಸೇರಿಸಿಬಿಡುತ್ತಾರೆ. ಕ್ಯಾಮೆರಾ ಹಿಡಿದವರು ಚಿತ್ರಗಳನ್ನು ತಂತ್ರಾಂಶಕ್ಕೆ ಕೊಟ್ಟು ಮಾಡಿಸಿದ ಮೂರು ಆಯಾಮದ ಮಾದರಿ ಅಚ್ಚುಕಟ್ಟಾಗಿ ಕೂಡಿರುತ್ತದೆ, ಸುಣ್ಣದಲ್ಲಿನ ಬಿರುಕೂ ಕಾಣುತ್ತದೆ. ಆದರೆ ಪಡಸಾಲೆ ಎಷ್ಟು ಉದ್ದ ಎಂದು ಕೇಳಿದರೆ ಮಾದರಿ ಹೇಳುವುದೇ ಬೇರೆ, ನೆಲ ಹೇಳುವುದೇ ಬೇರೆ. ಮೊದಲನೆಯದು ಕಣ್ಣಿಗೆ ಬೀಳುವ ತಪ್ಪು, ಎರಡನೆಯದು ಬೀಳದ ತಪ್ಪು. ನನಗೆ ಎರಡನೆಯದರ ಭಯವೇ ಹೆಚ್ಚು.

ಕೆಳಗಿನ ಹಂತಗಳಿಗೆಲ್ಲ ಗದಗ ಜಿಲ್ಲೆಯ ಒಂದು ಊರಿನಲ್ಲಿ ನಾವು ಇಬ್ಬರು ಅಳೆದ ವಾಡೆಯೇ ಉದಾಹರಣೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ, ಮುಂದೆ ಮೂರು ಮೀಟರ್ ಅಗಲದ ಓಣಿ. ಮೊದಲ ಬೆಳಿಗ್ಗೆ ನಾನು ಮೂಲೆಗೆ ಮೂಲೆಮಟ್ಟ ಹಿಡಿದದ್ದನ್ನು ನೋಡಿ ಮನೆಯ ಅಜ್ಜಿ ನಕ್ಕರು: “ಮಟ್ಟ ಇಟ್ಟು ಕಟ್ಟಿದ ಮನೆಯಲ್ಲ ತಮ್ಮಾ, ಓಣಿ ಹೋದ ಹಾಗೆ ಗೋಡೆ ಹೋಗಿದೆ.” ಅಳತೆಯ ಮೊದಲ ಪಾಠ ಅಲ್ಲೇ ಸಿಕ್ಕಿತು. ಹಳೆಯ ಮನೆಯ ಯಾವ ಮೂಲೆಯೂ 90 ಡಿಗ್ರಿ ಇದೆ ಎಂದು ನಂಬಿ ಗೆರೆ ಎಳೆಯಬಾರದು.

## ಹಂತ 1: ನಕ್ಷೆಯ ಪ್ರಮಾಣವನ್ನು ಮೊದಲು ನಿರ್ಧರಿಸಿ

ಎಷ್ಟು ನಿಖರತೆ ಬೇಕು ಎಂಬುದನ್ನು ಉಪಕರಣ ಹೇಳುವುದಿಲ್ಲ, ಕಾಗದ ಹೇಳುತ್ತದೆ. ಮುದ್ರಿತ ನಕ್ಷೆಯಲ್ಲಿ ಒಂದು ತೆಳುವಾದ ಗೆರೆಯ ದಪ್ಪ ಸುಮಾರು 0.2 ಮಿ.ಮೀ. ಪ್ರಮಾಣ 1:50 ಆದರೆ ಆ ಗೆರೆಯೇ ನೆಲದಲ್ಲಿ 10 ಮಿ.ಮೀ. ಜಾಗ ನುಂಗುತ್ತದೆ. 1:20 ಆದರೆ 4 ಮಿ.ಮೀ., 1:5 ಆದರೆ 1 ಮಿ.ಮೀ.

ಇಡೀ ಮನೆಯ ನಕ್ಷೆಗೆ 1:50 ಸಾಕು, ಅಂದರೆ ಒಂದು ಸೆಂಟಿಮೀಟರ್ ಒಳಗಿನ ತಪ್ಪು ಕಾಗದದಲ್ಲಿ ಕಾಣುವುದೇ ಇಲ್ಲ. ಬಾಗಿಲ ಚೌಕಟ್ಟಿನ ಕೆತ್ತನೆಗೆ 1:5 ಬೇಕು, ಅಲ್ಲಿ ಒಂದು ಮಿ.ಮೀ. ಕೂಡ ಲೆಕ್ಕಕ್ಕೆ ಬರುತ್ತದೆ. ಇದನ್ನು ನಿರ್ಧರಿಸದೆ ಹೊರಟವರು ಗೋಡೆಯನ್ನು ಮಿಲಿಮೀಟರಿಗೆ ಅಳೆಯುತ್ತಾ ಸಂಜೆ ಮಾಡಿ, ಕೆತ್ತನೆಯ ಬಾಗಿಲಿಗೆ ಬರುವಾಗ ಬೆಳಕು ಕಳೆದುಕೊಂಡಿರುತ್ತಾರೆ.

## ಹಂತ 2: ಜೊತೆಗಿರಬೇಕಾದ ಸಾಮಾನು

30 ಮೀಟರ್ ಉಕ್ಕಿನ ಟೇಪು ಒಂದು, 5 ಮೀಟರ್ ಟೇಪು ಒಂದು. ಬಟ್ಟೆಯ ಅಥವಾ ಫೈಬರಿನ ಟೇಪು ಎಳೆದಷ್ಟು ಹಿಗ್ಗುತ್ತದೆ, ಬೇಡ. ತೂಗುಗುಂಡು, ರಸಮಟ್ಟ, ಗವಂಡಿಗಳು ಬಳಸುವ ಪಾರದರ್ಶಕ ನೀರಿನ ಪೈಪು, ಗಟ್ಟಿ ನೂಲು, ಸೀಮೆಸುಣ್ಣ, ಚೌಕುಳಿ ಹಾಳೆ ಹಾಕಿದ ಹಲಗೆ, ಪೆನ್ಸಿಲ್. ಲೇಸರ್ ಅಳತೆಯ ಉಪಕರಣ ಇದ್ದರೆ ಎತ್ತರಕ್ಕೆ ಅನುಕೂಲ, ಆದರೆ ಬಿಸಿಲಿನಲ್ಲಿ ಅದರ ಕೆಂಪು ಚುಕ್ಕೆ ಎಲ್ಲಿ ಬಿದ್ದಿದೆ ಎಂಬುದೇ ಕಾಣುವುದಿಲ್ಲ. ಚುಕ್ಕೆ ಕಾಣದೆ ಓದಿದ ಸಂಖ್ಯೆ ಗೋಡೆಯದೋ ಪಕ್ಕದ ಗೂಟದ್ದೋ ಹೇಳಲಾಗದು.

ಕ್ಯಾಮೆರಾಗೆ ಒಂದೇ ನಾಭಿದೂರದ ಲೆನ್ಸ್ ಬೇಕು. ಜೂಮ್ ಲೆನ್ಸ್ ಇದ್ದರೆ ಒಂದು ಕಡೆ ನಿಲ್ಲಿಸಿ, ಪಟ್ಟಿ ಅಂಟಿಸಿಬಿಡಿ. ಮೊಬೈಲ್ ಬಳಸುವವರು ಒಂದೇ ಲೆನ್ಸಿಗೆ ಕಟ್ಟುಬೀಳಬೇಕು. ಹತ್ತಿರ ಹೋದಾಗ, ಕತ್ತಲಾದಾಗ ಕೆಲವು ಫೋನುಗಳು ತಾವಾಗಿಯೇ ಬೇರೆ ಲೆನ್ಸಿಗೆ ಹಾರುತ್ತವೆ. ಅಲುಗಾಟ ತಡೆಯುವ ವ್ಯವಸ್ಥೆಯನ್ನೂ ಆರಿಸಿ. ಅದು ಪ್ರತಿ ಚಿತ್ರದಲ್ಲೂ ಲೆನ್ಸನ್ನೋ ಚೌಕಟ್ಟನ್ನೋ ಸ್ವಲ್ಪ ಸರಿಸುತ್ತದೆ, ತಂತ್ರಾಂಶವಾದರೋ ಎಲ್ಲ ಚಿತ್ರಗಳೂ ಒಂದೇ ಕಣ್ಣಿನಿಂದ ಬಂದವು ಎಂದು ನಂಬಿ ಲೆಕ್ಕ ಹಾಕುತ್ತದೆ.

## ಹಂತ 3: ಮೊದಲು ಟೇಪು, ಮೊದಲು ಕರ್ಣ

ಕ್ಯಾಮೆರಾ ಚೀಲದಲ್ಲೇ ಇರಲಿ. ಒಂದೊಂದು ಕೋಣೆಯ ಕೈಚಿತ್ರವನ್ನು ಒಂದೊಂದು ಹಾಳೆಯ ತುಂಬ ದೊಡ್ಡದಾಗಿ ಬರೆಯಿರಿ. ಮೂಲೆಗಳಿಗೆ ಹೆಸರಿಡಿ. ನಾಲ್ಕು ಬದಿ ಮತ್ತು ಎರಡೂ ಕರ್ಣಗಳನ್ನು ಅಳೆಯಿರಿ. ನಾಲ್ಕು ಬದಿ ಮಾತ್ರ ಇದ್ದರೆ ಕೋಣೆಗೆ ಆಕಾರವೇ ಇಲ್ಲ, ಸಡಿಲವಾದ ಮಂಚದಂತೆ ಅತ್ತಿತ್ತ ವಾಲುತ್ತದೆ. ಒಂದು ಕರ್ಣ ಸಿಕ್ಕರೆ ಆಕಾರ ನಿಲ್ಲುತ್ತದೆ. ಎರಡನೆಯ ಕರ್ಣ ನಿಮ್ಮ ತಪ್ಪನ್ನು ಹಿಡಿಯುವುದಕ್ಕೆ.

ಕರ್ಣಕ್ಕೆ ಎಷ್ಟು ಬಲ ಇದೆ ನೋಡಿ. 6 ಮೀಟರಿಗೆ 4 ಮೀಟರ್ ಕೋಣೆಯ ಮೂಲೆಗಳು ಸರಿಯಾಗಿದ್ದರೆ ಎರಡೂ ಕರ್ಣ 7.211 ಮೀಟರ್. ಬದಿಗಳು ಹಾಗೇ ಇದ್ದು ಮೂಲೆ ಒಂದೇ ಒಂದು ಡಿಗ್ರಿ ತಿರುಗಿದರೆ ಒಂದು ಕರ್ಣ 7.269, ಇನ್ನೊಂದು 7.153. ಕಣ್ಣಿಗೆ ತಿಳಿಯದ ಒಂದು ಡಿಗ್ರಿ ಟೇಪಿನ ಮೇಲೆ 116 ಮಿ.ಮೀ. ವ್ಯತ್ಯಾಸವಾಗಿ ಬರುತ್ತದೆ.

ನಮ್ಮ ವಾಡೆಯ ಪಡಸಾಲೆಯ ಲೆಕ್ಕ ಹೀಗಿತ್ತು. ಮೂಲೆಗಳು ಕ, ಖ, ಗ, ಘ. ಕಖ 6020, ಖಗ 4141, ಗಘ 5984, ಘಕ 4080, ಕರ್ಣ ಕಗ 7364, ಕರ್ಣ ಖಘ 7283, ಎಲ್ಲವೂ ಮಿ.ಮೀ.ಗಳಲ್ಲಿ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಹಲಗೆಯ ಮೇಲೆ ಕಗ ಗೆರೆ ಎಳೆದು, ಕೈವಾರದಿಂದ ನಾಲ್ಕು ಬದಿಗಳ ಕಮಾನು ಹಾಕಿ ಖ ಮತ್ತು ಘ ಮೂಲೆಗಳನ್ನು ಹಿಡಿದೆವು. ಅವೆರಡರ ನಡುವೆ ಬರಬೇಕಾದದ್ದು 7183, ಬರೆದಿದ್ದದ್ದು 7283. ಸರಿಯಾಗಿ ನೂರು ಹೆಚ್ಚು.

ದುಂಡಗಿನ ಸಂಖ್ಯೆಯ ತಪ್ಪು ಸಿಕ್ಕಿದರೆ ಸಂತೋಷಪಡಿ, ಅದಕ್ಕೆ ಒಂದೇ ಕಾರಣ ಇರುತ್ತದೆ. ಟೇಪಿನ ತುದಿಯ ಕೊಕ್ಕೆ ಮೂಲೆಯಲ್ಲಿ ಸರಿಯಾಗಿ ಕೂರದ ಕಡೆ ಗೆಳೆಯ 100ರ ಗುರುತನ್ನು ಮೂಲೆಗೆ ಹಿಡಿದಿದ್ದ. ಹಾಗೆ ಹಿಡಿಯುವುದು ಒಳ್ಳೆಯ ಪದ್ಧತಿಯೇ. ಆದರೆ “ನೂರು ಕಳೆ” ಎಂದು ಕೂಗಿ ಹೇಳಲಿಲ್ಲ, ನಾನು ಕಳೆಯಲಿಲ್ಲ. ಮತ್ತೆ ಅಳೆದಾಗ 7183 ಬಂತು. ಕಗ ಬಿಟ್ಟು ಖಘ ಒಂದನ್ನೇ ಅಳೆದಿದ್ದರೆ ಆ ನೂರು ಮಿ.ಮೀ. ನಕ್ಷೆಯಲ್ಲಿ ಹಾಗೇ ಉಳಿಯುತ್ತಿತ್ತು. ತಪ್ಪು 305 ಅಥವಾ ಅದರ ಆಸುಪಾಸು ಬಂದರೆ ಯಾರೋ ಒಂದಡಿ ತಪ್ಪಾಗಿ ಎಣಿಸಿದ್ದಾರೆ, ಅಂದರೆ ಟೇಪಿನ ಅಡಿಯ ಬದಿಯನ್ನು ಓದಿದ್ದಾರೆ. 30 ಬಂದರೆ ಟೇಪು ತಲೆಕೆಳಗಾಗಿದ್ದಾಗ 6 ಮತ್ತು 9 ಅದಲುಬದಲಾಗಿವೆಯೇ ನೋಡಿ.

ಉದ್ದನೆಯ ಗೋಡೆಯಲ್ಲಿ ಬಾಗಿಲು, ಗೂಡು, ಕಂಬಗಳನ್ನು ಒಂದರಿಂದ ಒಂದಕ್ಕೆ ತುಂಡುತುಂಡಾಗಿ ಅಳೆಯಬೇಡಿ. ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಚಾಚಿ, ಅಲುಗಿಸದೆ, ಪ್ರತಿ ಅಂಚನ್ನೂ ಸೊನ್ನೆಯಿಂದಲೇ ಓದಿ. ಪ್ರತಿ ಸಲ ಟೇಪು ಎತ್ತಿ ಇಡುವಾಗ 3 ಮಿ.ಮೀ. ಜಾರಿದರೆ, ಎಂಟು ತುಂಡಿಗೆ, ಎಲ್ಲವೂ ಒಂದೇ ಕಡೆಗೆ ಜಾರಿದಾಗ, 24 ಮಿ.ಮೀ. ಆಗುತ್ತದೆ. ಸೊನ್ನೆಯಿಂದ ಓದಿದರೆ ಪ್ರತಿ ಅಂಚಿನ ತಪ್ಪು ಅದರದೇ 3 ಮಿ.ಮೀ., ಮುಂದಿನದಕ್ಕೆ ಅಂಟುವುದಿಲ್ಲ. ಅಂಕಣಗಳು ಸಮವಾಗಿವೆ ಎಂದು ಒಂದನ್ನು ಅಳೆದು ಗುಣಿಸುವವರಿಗೆ ನಾನು ಏನೂ ಹೇಳುವುದಿಲ್ಲ, ಅವರು ಅಳೆಯುತ್ತಿರುವುದು ತಮ್ಮ ಊಹೆಯನ್ನು.

## ಹಂತ 4: ಒಂದು ಮಟ್ಟದ ಗೆರೆ

ನೀರಿನ ಪೈಪಿನಿಂದ ಗೋಡೆಗಳ ಮೇಲೆ ಒಂದೇ ಎತ್ತರದ ಗುರುತುಗಳನ್ನು ಸೀಮೆಸುಣ್ಣದಲ್ಲಿ ಹಾಕಿ. ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು, ಎರಡೂ ಬಾಯಿ ತೆರೆದಿರಬೇಕು. ಹೆಬ್ಬೆರಳು ತೆಗೆಯಲು ಮರೆತರೆ ನೀರು ಸುಳ್ಳು ಹೇಳುತ್ತದೆ. ಮನೆಯನ್ನು ಸುತ್ತಿ ಮೊದಲ ಗುರುತಿಗೇ ಬಂದು ಮುಟ್ಟಿ. ಅಲ್ಲಿ 5 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ನಡುವೆ ಎಲ್ಲೋ ಕೆಟ್ಟಿದೆ. ಮುಂದೆ ಹೊಸ್ತಿಲು, ನೆಲ, ತೊಲೆ, ಜಂತಿ ಎಲ್ಲದರ ಎತ್ತರವನ್ನೂ ಈ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಅಳೆಯಿರಿ, ನೆಲದಿಂದ ಅಲ್ಲ. ಸಗಣಿ ಸಾರಿಸಿದ ನೆಲ ಬಾಗಿಲ ಕಡೆಗೆ ಇಳಿದಿರುತ್ತದೆ.

## ಹಂತ 5: ಚಿತ್ರ ತೆಗೆಯುವ ಮುಂಚಿನ ಲೆಕ್ಕ

ಈಗ ಕ್ಯಾಮೆರಾ. ಫೋಟೋಗ್ರಾಮೆಟ್ರಿ ಎಂದರೆ ಒಂದೇ ಬಿಂದುವನ್ನು ಬೇರೆ ಬೇರೆ ಜಾಗಗಳಿಂದ ನೋಡಿದ ಚಿತ್ರಗಳಿಂದ ಆ ಬಿಂದು ಎಲ್ಲಿದೆ ಎಂದು ಲೆಕ್ಕ ಹಾಕುವುದು. ನಿಂತಲ್ಲೇ ನಿಂತು ಕ್ಯಾಮೆರಾ ತಿರುಗಿಸಿದರೆ ಲೆಕ್ಕಕ್ಕೆ ಬೇಕಾದ ತ್ರಿಕೋನವೇ ಹುಟ್ಟುವುದಿಲ್ಲ. ಕಾಲು ನಡೆಯಬೇಕು.

ಎಷ್ಟು ನಡೆಯಬೇಕು? ನಮ್ಮ ಕ್ಯಾಮೆರಾದ ಸೆನ್ಸರ್ 23.5 ಮಿ.ಮೀ. ಅಗಲ, 6000 ಪಿಕ್ಸೆಲ್. ಲೆನ್ಸ್ 24 ಮಿ.ಮೀ. ಓಣಿ ಬಿಡುವ ದೂರ 3 ಮೀಟರ್.

```
ಚಿತ್ರದ ಅಗಲ = 23.5 / 24 × 3 = 2.94 ಮೀಟರ್
ಒಂದು ಪಿಕ್ಸೆಲ್ = 2940 / 6000 = 0.49 ಮಿ.ಮೀ.
80% ಅತಿಕ್ರಮಣಕ್ಕೆ ಹೆಜ್ಜೆ = 2.94 × 0.2 = 0.59 ಮೀಟರ್
```

ಅಂದರೆ ಒಂದು ಚಿತ್ರದ ಐದರಲ್ಲಿ ನಾಲ್ಕು ಪಾಲು ಮುಂದಿನ ಚಿತ್ರದಲ್ಲೂ ಇರಬೇಕಾದರೆ ಸುಮಾರು 60 ಸೆಂ.ಮೀ.ಗೆ ಒಂದು ಚಿತ್ರ. 12 ಮೀಟರ್ ಗೋಡೆಗೆ 21 ನಿಲುಗಡೆ, 4 ಮೀಟರ್ ಎತ್ತರಕ್ಕೆ ನಾಲ್ಕು ಸಾಲು, ಒಟ್ಟು 84 ಚಿತ್ರ. ಮೇಲಿನ ಸಾಲುಗಳಿಗೆ ಕ್ಯಾಮೆರಾವನ್ನು ಕೋಲಿಗೆ ಕಟ್ಟಿದೆವು. ಚೆನ್ನಾಗಿ ತೆಗೆದ ಚಿತ್ರಗಳಿಂದ ಪಿಕ್ಸೆಲ್ ಅಳತೆಯ ಎರಡು ಮೂರು ಪಟ್ಟು, ಎಂದರೆ ಒಂದೂವರೆ ಮಿ.ಮೀ. ಒಳಗಿನ ವಿವರ ಸಿಗಬಹುದು. ಆದರೆ ಇದು ಹತ್ತಿರದ ಬಿಂದುಗಳ ನಡುವಿನ ಮಾತು. ಗೋಡೆಯ ಈ ತುದಿಯಿಂದ ಆ ತುದಿಗೆ ಅದೇ ನಿಖರತೆ ಇದೆ ಎಂದುಕೊಂಡರೆ ಕೆಟ್ಟಿರಿ.

ಏಕೆಂದರೆ ಗೋಡೆಗೆ ನೇರವಾಗಿ ನೋಡುವ ಚಿತ್ರಗಳಷ್ಟೇ ಇದ್ದರೆ ತಂತ್ರಾಂಶಕ್ಕೆ ಲೆನ್ಸಿನ ವಕ್ರತೆ ಯಾವುದು, ಗೋಡೆಯ ವಕ್ರತೆ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಲೆನ್ಸಿನದನ್ನು ಗೋಡೆಗೆ ಹಂಚಿಬಿಡುತ್ತದೆ. ನೆಟ್ಟಗಿನ ಗೋಡೆ ರೊಟ್ಟಿಯಂತೆ ನಡುವೆ ಉಬ್ಬುತ್ತದೆ. ಇದಕ್ಕೆ ಮದ್ದು ಓರೆ ಚಿತ್ರಗಳು: ಒಂದು ಬಿಟ್ಟು ಒಂದು ನಿಲುಗಡೆಯಲ್ಲಿ ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ಸುಮಾರು 30 ಡಿಗ್ರಿ ತಿರುಗಿಸಿ ಇನ್ನೆರಡು, ಕೆಲವನ್ನು ಕ್ಯಾಮೆರಾ ನೆಟ್ಟಗೆ ಹಿಡಿದು, ಕೆಲವನ್ನು ಅಡ್ಡ ಹಿಡಿದು.

ಉಬ್ಬು ನಿಜವೋ ಸುಳ್ಳೋ ತಿಳಿಯಲು ಗೋಡೆಯ ಎರಡು ತುದಿಗೆ ನೂಲು ಬಿಗಿದು, ಮೀಟರಿಗೊಮ್ಮೆ ನೂಲಿನಿಂದ ಗೋಡೆಗೆ ಇರುವ ದೂರ ಬರೆದುಕೊಳ್ಳಿ. ನಮ್ಮ ಮೊದಲ ಮಾದರಿಯಲ್ಲಿ ಗೋಡೆ ನಡುವೆ 34 ಮಿ.ಮೀ. ಉಬ್ಬಿತ್ತು, ನೂಲು ಹೇಳಿದ್ದು 8. ನೂಲು ಇಲ್ಲದಿದ್ದರೆ ನಾವು “ಗೋಡೆ ಹೊರಕ್ಕೆ ವಾಲುತ್ತಿದೆ” ಎಂದು ವರದಿ ಬರೆದು ಮನೆಯವರ ನಿದ್ದೆ ಕೆಡಿಸುತ್ತಿದ್ದೆವು.

ಬೆಳಕಿನ ಬಗ್ಗೆ ಒಂದೇ ಮಾತು: ಗೋಡೆಯ ಮೇಲೆ ಬಿಸಿಲು ಬೀಳುವ ಮುನ್ನ ಅಥವಾ ಮೋಡ ಕವಿದಾಗ, ಒಂದು ಗಂಟೆಯೊಳಗೆ ಮುಗಿಸಿ. ನೆರಳು ಸರಿದರೆ ತಂತ್ರಾಂಶ ನೆರಳಿನ ಅಂಚನ್ನೂ ಗೋಡೆಯ ಗುರುತೆಂದು ಹಿಡಿಯುತ್ತದೆ.

ಒಳಗೆ ಹೊಸದಾಗಿ ಸುಣ್ಣ ಬಳಿದ ಗೋಡೆ ಇದ್ದರೆ ಇನ್ನೊಂದು ತೊಂದರೆ. ಅದರ ಮೇಲೆ ಹಿಡಿದುಕೊಳ್ಳಲು ಗುರುತೇ ಇರುವುದಿಲ್ಲ, ಮಾದರಿಯಲ್ಲಿ ಅಲ್ಲಿ ತೂತು ಬೀಳುತ್ತದೆ ಅಥವಾ ಮೇಲ್ಮೈ ಅಲೆಯಾಗುತ್ತದೆ. ಆದ್ದರಿಂದ ಕ್ಯಾಲೆಂಡರ್, ಫೋಟೋ, ಗೂಟಕ್ಕೆ ನೇತುಹಾಕಿದ ಚೀಲ ಯಾವುದನ್ನೂ ತೆಗೆಸಬೇಡಿ. ಸಾಲದಿದ್ದರೆ ಹಳೆಯ ಪತ್ರಿಕೆಯ ಹಾಳೆಗಳನ್ನು ದಾರಕ್ಕೆ ಸಿಕ್ಕಿಸಿ ಗೋಡೆಗೆ ಒರಗುವಂತೆ ಇಳಿಬಿಡಿ. ಪ್ರತಿ ಹಾಳೆಯೂ ಬೇರೆ ಇರಬೇಕು. ಒಂದೇ ಪುಟದ ನಾಲ್ಕು ಪ್ರತಿ ಹಾಕಿದರೆ ನಾಲ್ಕನ್ನೂ ಒಂದೇ ಜಾಗವೆಂದು ಸೇರಿಸಿಬಿಡಬಹುದು.

## ಹಂತ 6: ಬಾಗಿಲು ದಾಟುವುದು

ಹೊರಗಿನ ಮಾದರಿಯೂ ಒಳಗಿನ ಮಾದರಿಯೂ ಒಂದಾಗಬೇಕಾದರೆ ಅವನ್ನು ಕಟ್ಟುವುದು ಬಾಗಿಲಲ್ಲಿ ತೆಗೆದ ಚಿತ್ರಗಳು ಮಾತ್ರ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ, ನಾನೂ ಮಾಡಿದೆ. ಮುಂಬಾಗಿಲಲ್ಲಿ ಆರೇ ಚಿತ್ರ ತೆಗೆದು ಒಳಗೆ ಹೋದೆ. ಮಾದರಿ ಕೂಡಿಕೊಂಡಿತು. ಆದರೆ ಬಾಗಿಲಿನಿಂದ ಐದು ಮೀಟರ್ ದೂರದ ಕಿಟಕಿಯಲ್ಲಿ ಗೋಡೆಯ ದಪ್ಪ 690 ಮಿ.ಮೀ. ಎಂದಿತು. ಕಿಟಕಿಯ ಕಟ್ಟಿನಲ್ಲಿ ಟೇಪು ಹಿಡಿದಾಗ ಬಂದದ್ದು 640.

ಐದು ಮೀಟರಿಗೆ 50 ಮಿ.ಮೀ. ಎಂದರೆ ಒಳಮನೆಯೆಲ್ಲ ಬಾಗಿಲನ್ನು ಕೀಲಾಗಿ ಮಾಡಿಕೊಂಡು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಿರುಗಿದೆ. ಪರಿಹಾರ ಸರಳ: ಬಾಗಿಲನ್ನು ಅರ್ಧರ್ಧ ಹೆಜ್ಜೆಯಲ್ಲಿ ದಾಟಿ, ಹೊಸ್ತಿಲಿನ ಮೇಲೆ ನಿಂತು ಎರಡೂ ಕಡೆ ನೋಡಿ, ಸಾಧ್ಯವಾದರೆ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ಸುತ್ತಿ ಮತ್ತೆ ಮುಂಬಾಗಿಲಿಗೇ ಬನ್ನಿ. ಸರಪಳಿಯ ಎರಡು ತುದಿ ಸೇರಿದರೆ ತಿರುಗಲು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಏನೇ ಆದರೂ ಗೋಡೆಯ ದಪ್ಪವನ್ನು ಪ್ರತಿ ಬಾಗಿಲು ಕಿಟಕಿಯಲ್ಲಿ ಟೇಪಿನಿಂದ ಅಳೆದೇ ಬರೆದುಕೊಳ್ಳಿ. ಗೋಡೆಯ ಹೊಟ್ಟೆಯನ್ನು ಯಾವ ಕ್ಯಾಮೆರಾವೂ ನೋಡುವುದಿಲ್ಲ.

## ಹಂತ 7: ಮಾದರಿಗೆ ಅಳತೆ ಕೊಡುವುದು, ಮತ್ತು ಅನುಮಾನಿಸುವುದು

ಚಿತ್ರಗಳಿಂದ ಬಂದ ಮಾದರಿಗೆ ಆಕಾರ ಇದೆ, ಗಾತ್ರ ಇಲ್ಲ. ಬೆಂಕಿಪೊಟ್ಟಣದಷ್ಟಿರಬಹುದು, ಬೆಟ್ಟದಷ್ಟೂ ಇರಬಹುದು. ಗೊತ್ತಿರುವ ಒಂದು ದೂರವನ್ನು ಕೊಟ್ಟಾಗಲೇ ಅದು ಮೀಟರಿಗೆ ಇಳಿಯುತ್ತದೆ. ಯಾವ ದೂರ ಎಂಬುದರಲ್ಲಿ ಎಲ್ಲವೂ ಇದೆ.

ನಾವು ಮೊದಲು ಒಂದು ಮೀಟರಿನ ಮರದ ಪಟ್ಟಿಯನ್ನು ಪಡಸಾಲೆಯ ನೆಲದಲ್ಲಿಟ್ಟು ಅದರಿಂದ ಗಾತ್ರ ಕೊಟ್ಟೆವು. ಆಮೇಲೆ ಕರ್ಣಗಳನ್ನು ಮಾದರಿಯಲ್ಲಿ ಅಳೆದೆವು. ಕಗ 7343, ಖಘ 7162. ಟೇಪಿನದು 7364 ಮತ್ತು 7183. ಎರಡೂ 21 ಮಿ.ಮೀ. ಕಡಿಮೆ, ಎಂದರೆ ಸಾವಿರಕ್ಕೆ ಸುಮಾರು ಮೂರು. ಪಟ್ಟಿಯ ತುದಿ ಸವೆದು ದುಂಡಾಗಿತ್ತು, ಚಿತ್ರದಲ್ಲಿ ತುದಿ ಗುರುತಿಸುವಾಗ ಮೂರು ಮಿ.ಮೀ. ತಪ್ಪಿದೆವು. ಒಂದು ಮೀಟರಿನಲ್ಲಿ ಮೂರು, ಏಳು ಮೀಟರಿನಲ್ಲಿ ಇಪ್ಪತ್ತೊಂದು. ಗಾತ್ರವನ್ನು ಉದ್ದನೆಯ ಕರ್ಣ ಕಗದಿಂದ ಕೊಟ್ಟಾಗ, ಲೆಕ್ಕಕ್ಕೆ ಸೇರಿಸದೆ ಇಟ್ಟಿದ್ದ ಖಘ 7182 ಬಂತು. ಒಂದು ಮಿ.ಮೀ. ವ್ಯತ್ಯಾಸ, 1:50 ನಕ್ಷೆಗೆ ಧಾರಾಳ.

ಇದರಲ್ಲಿ ಗಮನಿಸಬೇಕಾದದ್ದು ತಪ್ಪಿನ ರೀತಿ. ಪರೀಕ್ಷಿಸಿದ ಎಲ್ಲ ದೂರಗಳೂ ಒಂದೇ ಅನುಪಾತದಲ್ಲಿ ತಪ್ಪಿದ್ದರೆ ಕೆಟ್ಟಿರುವುದು ಗಾತ್ರ ಮಾತ್ರ, ಒಂದು ಉದ್ದ ಸರಿಮಾಡಿದರೆ ಎಲ್ಲವೂ ಸರಿಯಾಗುತ್ತದೆ. ಒಂದು ದಿಕ್ಕಿನಲ್ಲಿ ಸರಿ ಇದ್ದು ಇನ್ನೊಂದರಲ್ಲಿ ತಪ್ಪಿದ್ದರೆ, ಅಥವಾ ಗಿಡ್ಡ ದೂರ ಸರಿ ಇದ್ದು ಉದ್ದನೆಯದು ತಪ್ಪಿದ್ದರೆ, ಮಾದರಿ ಬಾಗಿದೆ. ಅದಕ್ಕೆ ಗಾತ್ರ ತಿದ್ದಿ ಪ್ರಯೋಜನವಿಲ್ಲ, ಹೊಸ ಚಿತ್ರ ಬೇಕು.

ತಂತ್ರಾಂಶ ಕೊನೆಯಲ್ಲಿ “ಸರಾಸರಿ ದೋಷ ಅರ್ಧ ಪಿಕ್ಸೆಲ್” ಎಂದು ಹೇಳುತ್ತದೆ. ಅದು ಚಿತ್ರಗಳು ತಮ್ಮತಮ್ಮೊಳಗೆ ಒಪ್ಪಿಕೊಂಡಿವೆ ಎಂಬ ಮಾತಷ್ಟೇ, ಮನೆಯ ಜೊತೆ ಒಪ್ಪಿವೆ ಎಂದಲ್ಲ. ನಮ್ಮ ಉಬ್ಬಿದ ಗೋಡೆಗೂ ಅಷ್ಟೇ ಚೆಂದದ ಸಂಖ್ಯೆ ಬಂದಿತ್ತು. ಆದ್ದರಿಂದ ಟೇಪಿನಿಂದ ಅಳೆದ ದೂರಗಳಲ್ಲಿ ಕನಿಷ್ಠ ಮೂರನ್ನು ತಂತ್ರಾಂಶಕ್ಕೆ ಹೇಳದೆ ಬಚ್ಚಿಡಿ. ಪರೀಕ್ಷೆಗೆ ಉಳಿಯುವುದು ಅವೇ.

## ಹಂತ 8: ಯಾವ ಗೆರೆ ಯಾವುದರಿಂದ

ನೆಲದ ನಕ್ಷೆಯ ಅಸ್ಥಿಪಂಜರವನ್ನು ಟೇಪಿನಿಂದ ಬರೆಯಿರಿ. ಮುಂಭಾಗದ ಕಲ್ಲುಗಳ ಜೋಡಣೆ, ಬಿರುಕಿನ ದಾರಿ, ಬೋದಿಗೆಯ ಕೆತ್ತನೆ ಇವನ್ನು ಮಾದರಿಯಿಂದ ತೆಗೆದ ನೇರನೋಟದ ಚಿತ್ರದ ಮೇಲೆ ಬರೆಯಿರಿ. ಒಂದೊಂದು ಕಲ್ಲನ್ನೂ ಟೇಪಿನಿಂದ ಅಳೆಯಲು ನಮಗೆ ಇನ್ನೂ ಮೂರು ದಿನ ಬೇಕಾಗುತ್ತಿತ್ತು.

ಆದರೆ ಮಾದರಿಯ ಅಂಚುಗಳನ್ನು ನಂಬಬೇಡಿ. ತಂತ್ರಾಂಶ ಬಿಂದುಗಳ ಮೇಲೆ ಒಂದು ಹೊದಿಕೆ ಹಾಸುತ್ತದೆ, ಆ ಹೊದಿಕೆ ಚೂಪಾದ ಮೂಲೆಯನ್ನು ದುಂಡು ಮಾಡುತ್ತದೆ, ಜಂತಿಗಳ ನಡುವಿನ ಕತ್ತಲನ್ನು ತುಂಬಿಬಿಡುತ್ತದೆ. ಮಾಳಿಗೆಯ ಜಂತಿಗಳನ್ನು ಬೆಳಕಿಂಡಿಯ ಕೆಳಗೆ ನಿಂತು ಎಣಿಸಿ, ಕೈಯಿಂದ ಅಳೆದು ಬರೆಯಿರಿ. ತೊಲೆ ಎಲ್ಲಿ ಜೋಡಾಗಿದೆ, ಯಾವ ಕಂಬ ಆಮೇಲೆ ಸೇರಿಸಿದ್ದು ಎಂಬುದು ಅಲ್ಲಿ ಕೈಯಾಡಿಸಿದವರಿಗೆ ಮಾತ್ರ ತಿಳಿಯುತ್ತದೆ.

## ಗುಡಿಗಳಿಗೆ ಹೊರಟವರಿಗೆ

ಲಕ್ಕುಂಡಿ, ಡಂಬಳ, ಅಣ್ಣಿಗೇರಿಯ ಗುಡಿಗಳಿಗೆ ಇದೇ ಕ್ರಮ, ಆದರೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಡೆ ಟ್ರೈಪಾಡ್ ಇಡಲು, ಡ್ರೋನ್ ಹಾರಿಸಲು ಅನುಮತಿ ಬೇಕು, ಗೋಡೆಗೆ ಸೀಮೆಸುಣ್ಣವನ್ನೂ ತಾಗಿಸಬಾರದು. ಚಿತ್ರಗಳಲ್ಲಿ ಬಿಂದು ಗುರುತಿಸಲು ಬಳಸುವ ಫಲಕಗಳನ್ನು ನೆಲದ ಮೇಲಿಡಿ.

ಡಂಬಳದ ದೊಡ್ಡಬಸಪ್ಪ ಗುಡಿಯ ಗರ್ಭಗೃಹದ ಹೊರಗೋಡೆ 24 ಮೂಲೆಗಳ ನಕ್ಷತ್ರ. ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಹೋದರೆ ಬರುವ ಆಕಾರ ಅದು. ಮೂಲೆಯಿಂದ ಮೂಲೆಗೆ ಟೇಪು ಇಡುತ್ತಾ ಸುತ್ತಿದರೆ ಕೊನೆಯ ಮೂಲೆ ಮೊದಲನೆಯದನ್ನು ಖಂಡಿತ ಸೇರುವುದಿಲ್ಲ. ಹೊರಗೆ ನೂಲಿನ ಚೌಕಟ್ಟು ಬಿಗಿದು, ಅದರ ಎರಡು ಕರ್ಣ ಪರೀಕ್ಷಿಸಿ, ಪ್ರತಿ ಮೂಲೆಯನ್ನೂ ನೂಲಿನ ಮೇಲಿನ ಎರಡು ಬಿಂದುಗಳಿಂದ ಅಳೆದು ಹಿಡಿಯಬೇಕು. ಕ್ಯಾಮೆರಾಗೆ ಈ ಗೋಡೆ ಇಷ್ಟ, ಗುರುತುಗಳಿಗೆ ಬರವಿಲ್ಲ. ಒಳಗಿನ ಸಂದುಗಳಿಗೆ ಮಾತ್ರ ಎಡ, ಬಲ, ನೇರ ಮೂರು ಕಡೆಯಿಂದಲೂ ನೋಡಬೇಕು.

ಮಂಟಪದ ಒಳಗೆ ಕಥೆ ತಿರುಗುಮುರುಗು. ತಿರುಗಣಿಯಲ್ಲಿ ಕಡೆದ ಕಲ್ಯಾಣ ಚಾಲುಕ್ಯರ ಕಂಬಗಳು ಹೊಳೆಯುತ್ತವೆ, ಎಲ್ಲ ಕಡೆಯಿಂದಲೂ ಒಂದೇ ತರಹ, ಪಕ್ಕದ ಕಂಬವೂ ಅದೇ ತರಹ. ಹೊಳಪು ನೀವು ಸರಿದಂತೆ ಸರಿಯುತ್ತದೆ, ತಂತ್ರಾಂಶ ಅದನ್ನು ಬಿಂದುವೆಂದು ಹಿಡಿದು ಕಂಬದ ಒಳಗೋ ಹೊರಗೋ ಕೂರಿಸುತ್ತದೆ. ಒಂದು ಕಂಬದ ಚಿತ್ರ ಇನ್ನೊಂದಕ್ಕೆ ಅಂಟಿ, ಆರು ಕಂಬ ಐದಾಗಿರುವ ಮಾದರಿಯನ್ನು ನೋಡಿದ್ದೇನೆ. ಅಲ್ಲಿ ಮೊದಲು ಕಂಬಗಳನ್ನು ಎಣಿಸಿ, ಆಮೇಲೆ ಮಿಕ್ಕದ್ದು. ಕಂಬದ ಸುತ್ತಳತೆಗೆ ಮೆತ್ತನೆಯ ಕಾಗದದ ಪಟ್ಟಿ ಸುತ್ತಿ ತೆಗೆದ ಅಳತೆಯನ್ನು 3.1416ರಿಂದ ಭಾಗಿಸಿ ವ್ಯಾಸ ಪಡೆಯುವುದೇ ಇನ್ನೂ ನನ್ನ ನೆಚ್ಚಿನ ದಾರಿ.

ನಕ್ಷೆಯ ಅಂಚಿನಲ್ಲಿ ಯಾವ ಗೆರೆ ಟೇಪಿನದು, ಯಾವುದು ಮಾದರಿಯದು, ಬಚ್ಚಿಟ್ಟ ದೂರಗಳಲ್ಲಿ ಎಷ್ಟು ವ್ಯತ್ಯಾಸ ಬಂತು ಎಂದು ಬರೆದಿಡಿ. ನೋಡದೆ ಇದ್ದದ್ದನ್ನು ತುಂಡುಗೆರೆಯಲ್ಲಿ ಹಾಕಿ. ನಮ್ಮ ವಾಡೆಯಲ್ಲಿ ಪಡಸಾಲೆಯ ಕೆಳಗೆ ಒಂದು ಹಗೇವು ಇದೆ ಎಂದು ಅಜ್ಜಿ ಹೇಳಿದರು, ಮೇಲೆ ಮುಚ್ಚಿದ ಚಪ್ಪಡಿ ಮಾತ್ರ ಕಾಣುತ್ತಿತ್ತು. ಚಪ್ಪಡಿಯನ್ನು ಅಳೆದು ಗಟ್ಟಿ ಗೆರೆಯಲ್ಲಿ ಬರೆದೆವು, ಹಗೇವಿನ ಜಾಗದಲ್ಲಿ ಒಂದು ತುಂಡುಗೆರೆಯ ವೃತ್ತ, ಪಕ್ಕದಲ್ಲಿ “ಮನೆಯವರು ಹೇಳಿದ್ದು, ಅಳೆದಿಲ್ಲ.”